ಅವ್ವನ ಓಲೆ, ಹತ್ತು ಪಟ್ಟು

ಕೌಲ್ ಬಜಾರಿನ ಆಭರಣದ ಅಂಗಡಿಯೊಂದರಲ್ಲಿ ಹರಳು ನೋಡುವುದನ್ನು ಕಲಿಯಲು ನಾನು ಆಗಷ್ಟೇ ಸೇರಿದ್ದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪು ಕೈಗೆ ಬಂದಿದ್ದೇ ತಡ, ನನ್ನನ್ನು ಹಿಡಿಯುವವರೇ ಇರಲಿಲ್ಲ. ಮನೆಯಲ್ಲಿ ಸಕ್ಕರೆಯ ಹರಳನ್ನೂ ಬಿಡಲಿಲ್ಲ.

ಆ ದಿನ ಸಿರುಗುಪ್ಪದಿಂದ ಅವ್ವ ಬಂದಿದ್ದಳು. ತನ್ನ ಒಂಟಿ ಹರಳಿನ ವಜ್ರದ ಓಲೆಗಳಿಗೆ ಹೊಸ ಕಟ್ಟು ಹಾಕಿಸಿ ನನ್ನ ತಂಗಿಯ ಮದುವೆಗೆ ಕೊಡುವುದು ಅವಳ ಆಸೆ. ಕಟ್ಟಿನ ನಮೂನೆ ಆರಿಸಲು ಕುರುಗೋಡಿನಿಂದ ತಂಗಿಯ ಅತ್ತೆಯಾಗುವವರೂ ಬಂದು ಪಕ್ಕದಲ್ಲಿ ಕೂತಿದ್ದರು.

ಕೇಳದೆಯೇ ಲೂಪು ತೆಗೆದೆ. ಕಣ್ಣಿಗೆ ಒತ್ತಿ ಹಿಡಿದು, ಇನ್ನೊಂದು ಕಣ್ಣನ್ನೂ ತೆರೆದಿಟ್ಟು, ಓಲೆಯನ್ನು ಅದರ ಹತ್ತಿರಕ್ಕೆ ತಂದೆ. ಕಲಿತದ್ದನ್ನೆಲ್ಲ ಬೀಗರಿಗೆ ತೋರಿಸಬೇಕಲ್ಲ!

"ಒಳಗ ಕರೀ ಚುಕ್ಕಿ ಐತ್ರಿ," ಎಂದೆ.

ಮಾಲೀಕರು ಎರಡೂ ಓಲೆಗಳನ್ನು ಸೋಪಿನ ಬಿಸಿನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ, ಒರೆಸಿ ಕೊಟ್ಟರು. ಚುಕ್ಕಿ ಮಾಯ. "ಹಿಂದ ಎಣ್ಣಿ ಜಿಡ್ಡು ಕುಂತಿತ್ತವ್ವ. ಹೊಸಬರಿಗೆ ಹೊರಗಿಂದು ಒಳಗಿದ್ದಂಗ ಕಾಣತೈತಿ." ಬೀಗರು ನಕ್ಕರು. ಅವ್ವ ಸೆರಗೆಳೆದು ಓಲೆಯಿಲ್ಲದ ಕಿವಿಗಳನ್ನು ಮುಚ್ಚಿಕೊಂಡಳು.

ನನ್ನ ಮುಖ ಉಳಿಸಿಕೊಳ್ಳುವ ಅವಸರ ನನಗೆ. ತೊಳೆದಿಟ್ಟಿದ್ದ ಇನ್ನೊಂದು ಓಲೆ ಎತ್ತಿಕೊಂಡೆ. ನೇರ ನೋಡಿದರೆ ಒಂದು ಕಲೆಯೂ ಇಲ್ಲ, ತಿಳಿನೀರು. ಸ್ವಲ್ಪ ಓರೆ ಮಾಡಿದೆ. ಹರಳಿನ ಹಿಂಬದಿಯ ಗೆರೆಗಳು ಜೋಡಿಯಾಗಿ ಕಂಡವು. ಹಿಂದಿನ ದಿನವಷ್ಟೇ ವಜ್ರದಂತೆ ಹೊಳೆಯುವ ಅಗ್ಗದ ಬಿಳಿ ಜಿರ್ಕಾನ್ ಕಲ್ಲಿನಲ್ಲಿ ಮಾಲೀಕರು ತೋರಿಸಿಕೊಟ್ಟಿದ್ದು ಇದೇ!

"ಗೆರಿ ಎರಡೆರಡು ಕಾಣಸ್ತಾವ್ರಿ! ವಜ್ರದಾಗ ಒಂದೊಂದೇ ಇರಬೇಕಲ್ರಿ?" ಕುಣಿದಾಡುವುದೊಂದು ಬಾಕಿ.

"ಕೆಳಗ ಇಡವ್ವ ಅದನ್ನ," ಎಂದರು ಮಾಲೀಕರು. ಆ ದನಿ ಕೇಳಿದ ಮೇಲೆ ನನಗೆ ಹೊಳೆಯಿತು, ನಾನು ಹೇಳಿದ್ದು ಯಾರ ಓಲೆಯ ಬಗ್ಗೆ ಅಂತ.

"ಹೆಂಗ ಆಗತೈತಿ?" ಅವ್ವ ನನ್ನತ್ತ ತಿರುಗಿದಳು. "ಸಡ್ಲ ಆಗ್ಯಾವಂತ ನಿಮ್ಮಪ್ಪನೇ ಒಯ್ದು ಬಿಗಿ ಮಾಡಿಸಿಕೊಂಡು ಬಂದಿದ್ರು. ಬ್ಯಾರೆ ಯಾರ ಕೈಗೂ ಕೊಟ್ಟಿಲ್ಲ."

ಅಪ್ಪ ಈಗಿಲ್ಲ. ಅಪ್ಪನೇ ಬದಲಿಸಿದನೋ, ಬಿಗಿ ಮಾಡಿದವನು ಅಪ್ಪನಿಗೇ ಟೋಪಿ ಹಾಕಿದನೋ, ಯಾವ ಲೂಪಿನಲ್ಲಿ ನೋಡಲಿ? ಬೀಗರೇ ಮೆಲ್ಲಗೆ, "ಇರ್ಲಿ ಬಿಡ್ರಿ ಬೀಗರ, ಕಟ್ಟು ಆಮ್ಯಾಲ ನೋಡೂಣಂತ," ಎಂದರು. ಅವರು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ನೆಲ ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ.

ಅವ್ವನ ಜೊತೆ ಊರಿಗೆ ನಾನೂ ಹೊರಟೆ. ಬಸ್ ನಿಲ್ದಾಣದಲ್ಲಿ ಅವಳು ಓಲೆಗಳನ್ನು ನನ್ನ ಕೈಗಿಟ್ಟು ಕಿವಿ ಮುಂದೆ ಮಾಡಿದಳು. "ಹಾಕು. ಯಾವುದು ಸುಳ್ಳಂತ ಮಾತ್ರ ನನಗ ಹೇಳಬ್ಯಾಡ."

ಒಂದೊಂದಾಗಿ ಹಾಕಿ ತಿರುಪು ಬಿಗಿ ಮಾಡಿದೆ. ಯಾವ ಕಿವಿಯದು ಸುಳ್ಳೆಂದು ನನಗೆ ಗೊತ್ತಿತ್ತು. ಸಿರುಗುಪ್ಪದವರೆಗೂ ಬಸ್ಸಿನಲ್ಲಿ ಆ ಕಿವಿಯೇ ನನ್ನ ಕಡೆಗಿತ್ತು.