ಚಿನ್ನಪ್ಪ ಸಿಕ್ಕಿಸಿದ ಬೆಂಕಿಕಡ್ಡಿ

ಹೊರಮಾವಿನ ಅಂಚಿನಲ್ಲಿದ್ದ ಹಳೆಯ ಪಂಪ್‌ಹೌಸಿನ ಮುಂದೆ, ಹೊಂಗೆಮರದ ಕೊಂಬೆಗೆ, ಮೊಳದುದ್ದದ ರೈಲುಕಂಬಿಯ ತುಂಡೊಂದು ತೂಗುತ್ತಿತ್ತು. ನೀರಗಂಟಿ ಚಿನ್ನಪ್ಪ ಕೊಳವೆಬಾವಿಯ ಮೋಟಾರು ಹಾಕುವ ಮುಂಚೆ ಅದಕ್ಕೆ ಎರಡು ಏಟು ಬಡಿಯುತ್ತಿದ್ದ. ಬೀದಿಯವರು ಟಿವಿ, ಫ್ರಿಜ್ಜು ಆರಿಸುತ್ತಿದ್ದರು. ಪಕ್ಕದ ಗಲ್ಲಿಯ ಮುನಿಲಕ್ಷ್ಮಮ್ಮ ತನ್ನ ರಾಗಿ ಮಿಷನ್ನಿಗೆ ಕಾಳು ಬಿಡುವುದನ್ನು ನಿಲ್ಲಿಸಿ, ಕಲ್ಲುಗಳ ನಡುವೆ ಇದ್ದದ್ದು ಹಿಟ್ಟಾಗಿ ಬಿದ್ದ ಮೇಲೆ ಮಿಷನ್ನು ಆರಿಸಿ, ಬಾಗಿಲಿಗೆ ಬಂದು ಕೈಯೆತ್ತುತ್ತಿದ್ದಳು. ಆ ಕೈ ಕಂಡಮೇಲೇ ಚಿನ್ನಪ್ಪ ಹಸಿರು ಗುಂಡಿ ಒತ್ತುತ್ತಿದ್ದದ್ದು. ಇದನ್ನು ಯಾವ ಕಚೇರಿಯೂ ಕಲಿಸಲಿಲ್ಲ. ಅವರಿಬ್ಬರೇ ಮಾಡಿಕೊಂಡ ಕಾನೂನು. ಹನ್ನೊಂದು ವರ್ಷ ನಡೆಯಿತು.

ಕಾರಣ ಸರಳ. ಟ್ರಾನ್ಸ್‌ಫಾರ್ಮರ್ ಮುಕ್ಕಾಲು ಮೈಲಿ ದೂರ. ಅಲ್ಲಿಂದ ಬರುವ ತಂತಿ ಊರು ನಾಲ್ಕು ಓಣಿ ಇದ್ದಾಗ ಎಳೆದದ್ದು, ಸಣ್ಣದು. ಚಿನ್ನಪ್ಪ ಓದಿದ್ದು ಏಳನೇ ಕ್ಲಾಸು, ಆದರೆ ಬೋರ್ಡಿನ ವೋಲ್ಟ್ ಮುಳ್ಳು ನೋಡಿ ನೋಡಿ ವಿದ್ಯುತ್ತನ್ನು ಓದಲು ಕಲಿತಿದ್ದ.

"ನಿಂತಿರೋ ಮೋಟಾರಿಗೆ ನೇರ ಲೈನ್ ಕೊಟ್ರೆ ಅದು ಓಡುವಾಗ ತಗೊಳ್ಳೋ ಕರೆಂಟಿನ ಆರರಷ್ಟು ಎಳೀತದೆ ಸಾರ್," ಅನ್ನುತ್ತಿದ್ದ. "ವೇಗ ಹಿಡಿದ್ಮೇಲೆ ಸಾಧು. ಹಿಡಿಯೋ ತನಕ ರಾಕ್ಷಸ. ಅಷ್ಟು ಕರೆಂಟು ಈ ನೂಲಿನಂಥ ತಂತಿಯಾಗೆ ಬಂದ್ರೆ ದಾರೀಲೇ ವೋಲ್ಟೇಜ್ ಸತ್ತೋಗ್ತದೆ."

ಅವನ ಮೋಟಾರು ಶುರುವಾದಾಗ ಮುನ್ನೂರೆಪ್ಪತ್ತರಲ್ಲಿದ್ದ ಮುಳ್ಳು ಮುನ್ನೂರರ ಕೆಳಕ್ಕೆ ಜಾರಿ, ಎರಡು ಮೂರು ಸೆಕೆಂಡಿಗೆ ಮೇಲೇಳುತ್ತಿತ್ತು. ಆ ಹೊತ್ತಿನಲ್ಲಿ ಮುನಿಲಕ್ಷ್ಮಮ್ಮನ ಕಲ್ಲುಗಳ ನಡುವೆ ರಾಗಿ ಇದ್ದರೆ ಮಿಷನ್ನು ಏದುಸಿರು ಬಿಟ್ಟು ಕಚ್ಚಿಕೊಳ್ಳುತ್ತಿತ್ತು. ಅದಕ್ಕೇ ಆ ಎರಡು ಏಟು.

ಎರಡು ಸಾವಿರದ ಒಂದರಲ್ಲಿ ಅಪಾರ್ಟ್‌ಮೆಂಟು ಎದ್ದಿತು. ನಾಲ್ಕು ಮಹಡಿ, ಗೇಟಿನಲ್ಲಿ ಕಾರಂಜಿ, ನೆಲದಡಿಯಲ್ಲಿ ಇಪ್ಪತ್ತು ಎಚ್‌ಪಿ ಮೋಟಾರು. ಅದೇ ತಂತಿ, ಅದೇ ಟ್ರಾನ್ಸ್‌ಫಾರ್ಮರ್. ಅಷ್ಟು ದೊಡ್ಡ ಮೋಟಾರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಬೇಕು. ಅದು ಶುರುವಿನ ಎಳೆತವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಬಿಲ್ಡರ್ ಕಾರಂಜಿಗೆ ಬಣ್ಣದ ದೀಪ ಹಾಕಿಸಿದ. ಮೋಟಾರಿಗೆ ಮಾತ್ರ ನೇರ ಲೈನ್ ಕೊಡುವ ಅಗ್ಗದ ಸ್ಟಾರ್ಟರು. ವಿದ್ಯುತ್ ಇಲಾಖೆಯ ಲೈನ್ ಕಚೇರಿಯವರು ಬಂದು, ನೋಡಿ, ಸಹಿ ಹಾಕಿ ಹೋದರು.

ಚಿನ್ನಪ್ಪ ಅಲ್ಲಿಯ ಎಲೆಕ್ಟ್ರಿಷಿಯನ್ ಶರಣಬಸವನ ಬಳಿ ಹೋದ. ಕಲಬುರಗಿ ಕಡೆಯ ಹುಡುಗ, ಒಳ್ಳೆಯವನು.

"ಗುರು, ನೀನೂ ಹಾಕೋ ಮುಂಚೆ ಕಂಬಿಗೆ ಎರಡು ಬಾರ್ಸಪ್ಪ. ನಮ್ಮಕ್ಕನ ಮಿಷನ್ ನಿಂತೋಗ್ತದೆ."

"ನಾ ಎಲ್ಲಿ ಹಾಕ್ತೀನ್ರೀ ಕಾಕಾ? ಟಾಕ್ಯಾಗ ನೀರು ಇಳೀತಂದ್ರ ಫ್ಲೋಟ್ ಸ್ವಿಚ್ ತಾನ ಹಾಕ್ತದ. ಅದಕ್ಕ ನಿಮ್ಮ ಗಂಟಿ ಕೇಳಂಗಿಲ್ಲ."

"ಹಂಗಾದ್ರೆ ಸ್ಟಾರ್ಟರ್ ಬದ್ಲಾಯ್ಸು."

"ಮೂರು ಸಲ ಹೇಳೀನ್ರೀ. 'ನೀನೇನು ಇಂಜಿನಿಯರ್ ಏನೋ' ಅಂದ್ರು."

ಅಲ್ಲಿಂದ ಮುಂದೆ ಮುನಿಲಕ್ಷ್ಮಮ್ಮನ ಗೋಳು ಶುರು. ಅಪಾರ್ಟ್‌ಮೆಂಟಿನ ಮೋಟಾರು ಎದ್ದಾಗಲೆಲ್ಲ ಅವಳ ಸ್ಟಾರ್ಟರಿನಲ್ಲಿ ಸ್ವಿಚ್ಚನ್ನು ಅಯಸ್ಕಾಂತದಂತೆ ಹಿಡಿದಿಡುವ ಕಾಯಿಲು ಹಿಡಿತ ಕಳೆದುಕೊಂಡು ಟಪ್ಪೆಂದು ಬಿಟ್ಟುಕೊಳ್ಳುವುದು. ಜರಡಿ ಬಿಟ್ಟು ಓಡಿಹೋಗಿ ಮತ್ತೆ ಗುಂಡಿ ಒತ್ತುವಷ್ಟರಲ್ಲಿ ಕಲ್ಲು ನಿಂತಿರುವುದು, ರಾಗಿ ಕಚ್ಚಿರುವುದು. ಕಲ್ಲು ಸಡಿಲಿಸಿ, ಬೆಲ್ಟನ್ನು ಕೈಯಿಂದ ಎಳೆದು ಎಳೆದು ತಿರುಗಿಸಿ ಬಿಡಿಸಬೇಕು. ಮಿಷನ್ನಿನವರೆಲ್ಲ ಹಾಗೇ ಬಿಡಿಸುವುದು. ಗುಂಡಿ ಒತ್ತದೆ ಮೋಟಾರು ಏಳುವುದಿಲ್ಲವಲ್ಲ, ಭಯವೇನು?

ಗಿರಾಕಿಗಳು ಕಲ್ಕೆರೆಯ ಮಿಷನ್ನಿಗೆ ಹೋಗತೊಡಗಿದರು. ಗಂಡ ಸತ್ತಮೇಲೆ ಅವಳಿಗಿದ್ದದ್ದು ಅದೊಂದೇ.

"ಚಿನ್ನಪ್ಪ, ದಿನಕ್ಕೆ ಹತ್ತು ಸಲ ಓಡಿ ಮೊಣಕಾಲು ಹೋಯ್ತು ಕಣೋ. ಏನಾದ್ರೂ ಮಾಡು."

ಚಿನ್ನಪ್ಪ ಮಾಡಿದ. ಅವಳ ಸ್ಟಾರ್ಟರಿನ ಹಸಿರು ಗುಂಡಿಯನ್ನು ಒಳಕ್ಕೆ ಒತ್ತಿ, ಅದು ಹೊರಬರದ ಹಾಗೆ ಅಂಚಿನಲ್ಲಿ ಒಂದು ಬೆಂಕಿಕಡ್ಡಿ ಸಿಕ್ಕಿಸಿದ. ವೋಲ್ಟೇಜ್ ಬಿದ್ದರೆ ಮೋಟಾರು ಬಿಟ್ಟುಕೊಳ್ಳುತ್ತದೆ; ಬಂದ ತಕ್ಷಣ ತಾನೇ ಹಿಡಿಯುತ್ತದೆ. ಕಲ್ಲು ಪೂರ್ತಿ ನಿಲ್ಲುವ ಮೊದಲೇ ಮತ್ತೆ ಓಟ. ನಿಲ್ಲಿಸಬೇಕೆಂದರೆ ಗೋಡೆಯ ಮೇಲಿನ ಮೇನ್ ಸ್ವಿಚ್ ಇಳಿಸುವುದು.

"ಇನ್ಮೇಲೆ ನೀನು ಮಹಾರಾಣಿ ಹಂಗೆ ಕೂತ್ಕೊ ಅಕ್ಕ."

"ಮಹಾರಾಣಿಗೆ ಮೈಯೆಲ್ಲಾ ಹಿಟ್ಟಿರ್ತದೇನೋ ಮೂದೇವಿ," ಎಂದು ಅವಳು ನಕ್ಕಳಂತೆ. ಆ ನಗುವನ್ನು ಚಿನ್ನಪ್ಪ ನನಗೆ ಎರಡು ಸಲ ಹೇಳಿದ.

ಎರಡು ತಿಂಗಳು ಸುಖವಾಗಿ ಹೋಯಿತು. ಏಪ್ರಿಲ್ ಬಂತು. ಬೇಸಿಗೆಯಲ್ಲಿ ಲೈನೇ ಸೊರಗಿರುತ್ತದೆ. ಒಂದು ಬೆಳಿಗ್ಗೆ ಹತ್ತೂವರೆಗೆ ಕೊಳವೆಬಾವಿಯೂ ಓಡುತ್ತಿತ್ತು, ಮಿಷನ್ನೂ ಓಡುತ್ತಿತ್ತು. ಅಪಾರ್ಟ್‌ಮೆಂಟಿನ ಫ್ಲೋಟು ಬಿತ್ತು. ವೋಲ್ಟೇಜ್ ಇಳಿದಷ್ಟೂ ಮೋಟಾರಿನ ಕಸುವು ಅದಕ್ಕಿಂತ ಜೋರಾಗಿ ಇಳಿಯುತ್ತದೆ. ಮುಕ್ಕಾಲು ವೋಲ್ಟೇಜಿಗೆ ಸಿಗುವುದು ಸುಮಾರು ಅರ್ಧ ಕಸುವು. ಆ ದೈತ್ಯ ಅವತ್ತು ವೇಗ ಹಿಡಿಯಲಾರದೆ ನಿಂತಲ್ಲೇ ಗೊರಗುಟ್ಟಿತು. ನಿಂತಷ್ಟು ಹೊತ್ತೂ ಆರುಪಟ್ಟು ಎಳೆತ. ಚಿನ್ನಪ್ಪನ ಸ್ಟಾರ್ಟರು ಬಿಟ್ಟುಕೊಂಡಿತು. ಮುನಿಲಕ್ಷ್ಮಮ್ಮನದೂ ಬಿಟ್ಟುಕೊಂಡಿತು. ಆದರೂ ಮುಳ್ಳು ಮೇಲೇಳಲಿಲ್ಲ.

ಎಂದಿನ ಎರಡು ಸೆಕೆಂಡಲ್ಲ ಅದು. ಇಪ್ಪತ್ತು ಸೆಕೆಂಡಾದರೂ ಆಗಿರಬೇಕು. ಅವಳ ತಲೆಯ ಮೇಲಿನ ಬಲ್ಬು ಕೆಂಡದ ಹಾಗೆ ಕೆಂಪಗೆ ಮಂಕಾಯಿತು. ಕಲ್ಲು ನಿಂತಿತು. ಕರೆಂಟು ಹೋದಂತೆಯೇ ಸರಿ ಅಂದುಕೊಂಡಳು. ಇಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿದಳು: ಕಲ್ಲು ಸಡಿಲಿಸಿ, ಬೆಲ್ಟಿಗೆ ಬಲಗೈ ಹಾಕಿ ಎಳೆದಳು. ಕಡ್ಡಿ ನೆನಪಾಗಲಿಲ್ಲ.

ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಮೋಟಾರು ಬಿಸಿಯಾಗಿ, ಅದರ ಓವರ್‌ಲೋಡ್ ಸ್ವಿಚ್ಚು ತಾನಾಗಿ ಕಿತ್ತುಕೊಂಡು ಅದನ್ನು ಲೈನಿನಿಂದ ಬಿಡಿಸಿತು. ವೋಲ್ಟೇಜ್ ಒಂದೇ ನೆಗೆತಕ್ಕೆ ಮೇಲೆ ಬಂತು. ಪಂಪ್‌ಹೌಸಿನಲ್ಲಿ ಚಿನ್ನಪ್ಪ ಮುಳ್ಳು ನೋಡುತ್ತಾ ನಿಂತಿದ್ದ.

"ಬಂತು ಅಂದೆ ಸಾರ್. ಖುಷಿಯಾಗಿ ಬಂತು ಅಂದೆ. ಆಮೇಲೆ ಕೂಗು ಕೇಳಿಸ್ತು."

ನಾಲ್ಕು ಬೆರಳು. ಬೆಲ್ಟು ಗಾಲಿಯೊಳಕ್ಕೆ ಎಳೆದುಕೊಂಡು ಹೋಗಿತ್ತು. ಚಿನ್ನಪ್ಪ ಅವಳನ್ನು ಆಟೋದಲ್ಲಿ ಮಲಗಿಸಿ ಶಿವಾಜಿನಗರದ ಆಸ್ಪತ್ರೆಗೆ ಓಡಿಸಿದ. ಹೆಬ್ಬೆರಳೊಂದು ಉಳಿಯಿತು.

ಮೂರನೇ ದಿನ ಲೈನ್ ಕಚೇರಿಯ ಸಾಹೇಬರು ಕಾಗದ ಹಿಡಿದು ಆಸ್ಪತ್ರೆಗೇ ಬಂದರು. ತಂತಿ ಯಾಕೆ ಸಣ್ಣದು, ಆ ಸ್ಟಾರ್ಟರಿಗೆ ಸಹಿ ಹಾಕಿದ್ದು ಯಾರು ಎಂದು ಆ ಕಾಗದ ಕೇಳಲಿಲ್ಲ. ಅದು ಕೇಳಿದ್ದು ಒಂದೇ: ಗುಂಡಿಗೆ ಕಡ್ಡಿ ಸಿಕ್ಕಿಸಿದ್ದು ಯಾರು?

ಚಿನ್ನಪ್ಪ ಬಾಯಿ ತೆರೆದ. ಮಂಚದ ಮೇಲಿಂದಲೇ ಮುನಿಲಕ್ಷ್ಮಮ್ಮ ಅಂದಳು: "ನಾನೇ ಸ್ವಾಮಿ. ನಾನೇ ಸಿಕ್ಕಿಸ್ಕೊಂಡೆ."

ಸಾಹೇಬರು 'ಮಾಲೀಕರ ನಿರ್ಲಕ್ಷ್ಯ' ಎಂದು ಬರೆದುಕೊಂಡರು. ಅವರು ಹೋದಮೇಲೆ ಚಿನ್ನಪ್ಪ ಅವಳ ಕಾಲು ಹಿಡಿದು ಅತ್ತ.

"ಹೇಳ್ತೀನಿ ಅಕ್ಕ, ನಿಜ ಹೇಳ್ಬಿಡ್ತೀನಿ."

"ಸುಮ್ನಿರೋ. ನೀನು ಕೆಲಸ ಕಳ್ಕೊಂಡ್ರೆ ನನ್ ಬೆರಳು ಮೊಳೀತವಾ? ನಿನ್ ಹೆಣ್ಮಕ್ಕಳು ಏನ್ ತಿಂತಾರೆ?"

ಮಿಷನ್ನು ಮತ್ತೆ ತಿರುಗಲಿಲ್ಲ. ಅವಳಿಗೆ ಎಡಗೈಯಿಂದ ಹಿಟ್ಟು ಅಳೆಯುವುದು ಬಂತು, ಸವೆದ ಕಲ್ಲನ್ನು ಉಳಿಯಿಂದ ಕುಟ್ಟಿ ಹದ ಮಾಡುವುದು ಬರಲಿಲ್ಲ. ಅಪಾರ್ಟ್‌ಮೆಂಟಿನವರು ಅದೇ ಬೇಸಿಗೆಯ ಕೊನೆಗೆ ಸ್ಟಾರ್-ಡೆಲ್ಟಾ ಹಾಕಿಸಿದರು. ಯಾಕೆ ಗೊತ್ತೇ? ಅವರ ಮೋಟಾರಿನ ವೈಂಡಿಂಗ್ ಸುಟ್ಟಿತು, ಎರಡು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಹೆಂಗಸಿನ ಬೆರಳು ಹೋದಾಗ ಕಾಣದ ತಪ್ಪು, ಸ್ನಾನ ತಪ್ಪಿದಾಗ ಕಂಡಿತು.

ಚಿನ್ನಪ್ಪ ಇನ್ನೂ ಏಳು ವರ್ಷ ಮೋಟಾರು ಹಾಕಿದ. ಕಂಬಿ ಬಡಿದು ಮಿಷನ್ನಿನ ಬಾಗಿಲ ಕಡೆ ನೋಡುವ ಅಭ್ಯಾಸ ಹೋಗಲಿಲ್ಲ. ಅಲ್ಲಿ ಯಾರೂ ಕೈಯೆತ್ತುವವರಿರಲಿಲ್ಲ. ಹೋದ ತಿಂಗಳು ಅವನು ನಿವೃತ್ತನಾದ. ಮಾರನೆಯ ದಿನವೇ, ಪತ್ರಿಕೆಗೆ ಬರೆಯುವ ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋಗಿ, ಅವಳ ಎದುರಿಗೇ ಇಷ್ಟನ್ನೂ ಹೇಳಿದ.

"ಬರೀರಿ ಸಾರ್. ಕಡ್ಡಿ ನಂದು."

ಮುನಿಲಕ್ಷ್ಮಮ್ಮ ಸೆರಗಿನೊಳಗೆ ಬಲಗೈ ಮುಚ್ಚಿಕೊಂಡು ಕೂತಿದ್ದಳು.

"ಬರ್ಕೊಳ್ಳಿ ಬಿಡಿ, ಅವನಿಗಾದ್ರೂ ನಿದ್ದೆ ಬರ್ಲಿ," ಅಂದಳು. "ಆದ್ರೆ ಅವತ್ತು ಬಲ್ಬು ಯಾಕೆ ಮಂಕಾಯ್ತು ಅಂತಾನೂ ಬರೀರಿ. ಅದನ್ನ ಯಾರೂ ಬರ್ಕೊಳ್ಳಿಲ್ಲ."