ಹಿಂಬಾಗಿಲ ಅಗುಳಿ

ಸಾರಿಗೆ ಉಪ್ಪು ಹಾಕುವುದನ್ನು ನಾನು ಮರೆತ ದಿನ ಅವರು ತುಟಿಪಿಟಕ್ಕೆನ್ನದೆ ಉಂಡು ಎದ್ದರು. ಉಪ್ಪು ಒಂದು ಕಾಳು ಹೆಚ್ಚಾದರೂ ಹೇಳುತ್ತಿದ್ದವರು. ಅಂದೇ ನನಗೆ ತಿಳಿಯಬೇಕಿತ್ತು.

ನನ್ನ ಗಂಡ ತಮಿಳು ಸೀಮೆಯ ಕಂಬಂ ಕಣಿವೆಯ ಸರ್ಕಾರಿ ಔಷಧಾಲಯದಲ್ಲಿ ಒಬ್ಬರೇ ವೈದ್ಯರು. ಮಳೆ ನಿಂತ ಮೇಲಿನ ಜ್ವರದ ತಿಂಗಳುಗಳಲ್ಲಿ ಬೆಳಗಿನ ಸಾಲು ಮಧ್ಯಾಹ್ನಕ್ಕೂ ಮುಗಿಯುತ್ತಿರಲಿಲ್ಲ. ಮುಗಿದ ಮೇಲೆ ನಮ್ಮ ಮನೆಯ ಹಿಂಬಾಗಿಲ ಸರದಿ. ಕೊಂಬೈಯಿಂದ, ಸುತ್ತಲ ಊರುಗಳಿಂದ ಬರುವ ನಮ್ಮ ಕನ್ನಡದ ಜನ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ನೆಂಟರಾದ ಮೇಲೆ ಅಡುಗೆಮನೆಗೇ ಬರಬೇಕೆಂಬುದು ವಾಡಿಕೆ. ಮಜ್ಜಿಗೆ ಕೊಟ್ಟು ಕೂರಿಸುತ್ತಿದ್ದವಳು ನಾನೇ. ಒಳ್ಳೆಯ ಸೊಸೆ ಎನಿಸಿಕೊಳ್ಳುವ ಆಸೆ.

ಆಮೇಲೆ ಒಂದೊಂದಾಗಿ ಕಂಡವು. ಬೆಳಿಗ್ಗೆ ಎದ್ದಾಗಲೇ ದಣಿದ ಮುಖ. ತೊಳೆದ ಕೈಯನ್ನೇ ಮತ್ತೆ ತೊಳೆಯುವುದು. "ಇನ್ನೊಂದು ಜ್ವರ ಬಂತು" ಎನ್ನುವುದು, ಬಂದ ಮನುಷ್ಯನನ್ನು ನೋಡದೆ.

ದೊಡ್ಡವರ ಕ್ವಿನೈನ್ ಪೊಟ್ಟಣ ಬಿಳಿ ಕಾಗದದ್ದು, ಮಕ್ಕಳದು ನೀಲಿ. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ, ಜ್ವರದ ಮೊಮ್ಮಗುವನ್ನೆತ್ತಿಕೊಂಡು ಬಂದಿದ್ದ ಅಜ್ಜಿಯ ಕೈಗೆ ಅವರು ಬಿಳಿಯದನ್ನಿಟ್ಟರು. ಅಜ್ಜಿ ಹಿತ್ತಲು ದಾಟುವಷ್ಟರಲ್ಲಿ ನಾನು ಓಡಿದೆ.

"ಕೊಂಜ ನಿಲ್ಲವ್ವಾ, ಪೊಟ್ಟಣ ಮಾರಿಹೋಯ್ತು, ಅದಲುಬದಲಾಯ್ತು."

ಬಿಳಿಯದನ್ನು ಇಸಿದುಕೊಂಡು ತಿರುಗಿ ಬಂದಾಗ ಅವರು ನೀಲಿ ಕಾಗದ ಹಿಡಿದು ಕೂತಿದ್ದರು. "ತೂಗಿದ್ದು ನೆನಪಿಲ್ಲ ಕಣೆ," ಎಂದರು.

ನಾನು ಓದಿದ ದಿಂಡುಗಲ್ಲಿನ ಕಾನ್ವೆಂಟಿನಲ್ಲಿ ಗಂಟೆ ಬಾರಿಸಿದರೆ ಹೊಲಿಗೆ ಅರ್ಧದಲ್ಲಿದ್ದರೂ ಸೂಜಿ ಚುಚ್ಚಿಟ್ಟು ಏಳಬೇಕಿತ್ತು. ಇನ್ನೊಂದೇ ಹೊಲಿಗೆ ಎಂದವರ ಬಟ್ಟೆಯನ್ನು ಸಿಸ್ಟರ್ ಬಿಚ್ಚಿಸುತ್ತಿದ್ದರು. ಗಂಡನಿಗೆ ಅದನ್ನು ಹೇಳಿದೆ. ಊಟದಿಂದ ಸಂಜೆವರೆಗೆ ಹಿಂಬಾಗಿಲು ಮುಚ್ಚುವುದೆಂದು ಇಬ್ಬರೂ ಗೊತ್ತುಮಾಡಿದೆವು. ಹಾವು ಕಚ್ಚಿದರೆ, ಹೆರಿಗೆ ಕಷ್ಟವಾದರೆ, ಮಗುವಿಗೆ ಸೆಳವು ಬಂದರೆ ಮಾತ್ರ ತೆರೆಯುವುದು. ಸಹಾಯಕ್ಕೊಬ್ಬರು ಬೇಕೆಂದು ಅವರು ಮೇಲಿನವರಿಗೆ ಬರೆದರು. ಈ ವರ್ಷ ಆಗದು ಎಂದು ಉತ್ತರ ಬಂತು.

ಮೂರನೆಯ ದಿನ ಅವರ ಚಿಕ್ಕಪ್ಪ ಮಂಡಿನೋವು ಹೊತ್ತು ಬಂದರು.

"ಏನವ್ವಾ, ನಂಗೂ ವರಿಸೆಯಾ, ಸಾಲಲ್ಲಿ ನಿಲ್ಬೇಕಾ? ಇವ್ನ ಕಂಕುಳಲ್ಲಿ ತೂಕ್ಕೊಂಡು ಬೆಳ್ಸಿದವ್ನು ನಾನು."

ತೆರೆಯಲು ನನ್ನ ಕೈ ಅಗುಳಿಗೆ ಹೋಗಿತ್ತು. ಒಳಗಿಂದ ಅವರೇ ಹೇಳಿದರು:

"ನಾಳೆ ಕಾಲೈಲಿ, ಹೊತ್ತಾರೆ, ಆಸ್ಪತ್ರೆಗೆ ಬಾ ಚಿಕ್ಕಪ್ಪ. ನಿನ್ನೇ ಮೊದ್ಲು ನೋಡ್ತೀನಿ ಅಂತೇನೂ ಇಲ್ಲ, ಸಾಲಿಗೆ ನಿಲ್ಲು."

"ಕಾನ್ವೆಂಟ್ ಓದ್ಸಿದ್ದು ಕದ ಹಾಕೋಕಾ," ಎಂದು ಚಿಕ್ಕಪ್ಪ ನನಗೇ ಅಂದು ಹೋದರು. ಬೈಗುಳ ಗಂಡನಿಗೆ ತಗಲಲಿಲ್ಲ. ತಗಲುವ ರೂಢಿಯೂ ಇಲ್ಲ.

ಆ ವರ್ಷ ಚಿಕ್ಕಪ್ಪನ ಮಗಳ ಮದುವೆಗೆ ಕರೆಯುವ ವೀಳ್ಯ ನಮ್ಮ ಮನೆಗೆ ಬರಲಿಲ್ಲ. ಮಜ್ಜಿಗೆ ಕುಡಿದ ಬಾಯಿಗಳೆಲ್ಲ ನನ್ನನ್ನು ಗರ್ವಿ ಎಂದವು. ಔಷಧಾಲಯದ ಸಾಲು ಕರಗಲೂ ಇಲ್ಲ.

ಮದುವೆಯ ದಿನ ನಾವಿಬ್ಬರೇ ಉಂಡೆವು. ಅವರು ಎರಡನೆಯ ತುತ್ತಿಗೇ ಕೈ ನಿಲ್ಲಿಸಿ, "ಉಪ್ಪು ಕಡಿಮೆ," ಎಂದರು.

ನಾನು ಎದ್ದು ಉಪ್ಪಿನ ಮರಿಗೆ ತಂದಿಟ್ಟೆ.