ಮೇಲಿನ ಮಾಳಿಗೆಯ ಬಿಳಿ ಸೀರೆಗಳು

ಪುಣೆಯ ಪೇಟೆಯೊಳಗೊಂದು ಚಾಳು. ಅದರ ಜಿನೆಯ ಮೆಟ್ಟಿಲ ಕೆಳಗೆ ನಮ್ಮ ಇಸ್ತ್ರಿ ಮೇಜು. ನಾನು ನೀರು ಚಿಮುಕಿಸಿ ಕೊಡುತ್ತಿದ್ದೆ, ನಮ್ಮ ಮನೆಯವರು ಇದ್ದಲಿನ ಇಸ್ತ್ರಿ ಆಡಿಸುತ್ತಿದ್ದರು. ಕಾರಕೂನರು, ಮಾಸ್ತರರು ಕೆಲಸಕ್ಕೆ ಹೊರಡುವ ಮೊದಲು ಇವರೇ ಬಾಗಿಲು ಬಾಗಿಲಿಗೆ ಹೋಗಿ ಬಟ್ಟೆಯ ಗಂಟು ತರುವರು. ಸಂಜೆ ಮಡಿಸಿ ಮುಟ್ಟಿಸುವರು. ಅಂಗಿಗೆ ಅರ್ಧ ಆಣೆ, ಸೀರೆಗೆ ಒಂದಾಣೆ, ಕೋಟಿಗೆ ಎರಡು.

ಮೇಲಿನ ಮಾಳಿಗೆಯಲ್ಲಿ ಒಬ್ಬಾಕೆ ನರ್ಸಬಾಯಿ ಇದ್ದಳು. ಮರಾಠಿಯಾಕೆ, ಒಂಟಿ. ಗಂಜಿ ಹಾಕಿದ ಆಕೆಯ ಬಿಳಿ ಸೀರೆಗಳನ್ನು ಇಸ್ತ್ರಿ ಹದವಾಗಿ ಕಾದಾಗಲೇ, ಎಲ್ಲರಿಗಿಂತ ಮೊದಲು ಇವರು ಕೈಗೆತ್ತಿಕೊಳ್ಳುವರು. ಮುಟ್ಟಿಸಿ ಬಂದಾಗ ಮುಖ ಅರಳಿರುತ್ತಿತ್ತು. "ಭಾಳ ಛಂದ ಆಗೇದ ಅಂದ್ಲು" ಎಂದು ನನಗೇ ಹೇಳುವರು. ನನ್ನ ಒಂದು ರೊಟ್ಟಿಗೂ ಅಷ್ಟು ಮಾತಾಡಿದವರಲ್ಲ. ನನ್ನ ಹೊಟ್ಟೆಯಲ್ಲಿ ಮೇಜಿನ ಮೇಲಿನ ಇಸ್ತ್ರಿಗಿಂತ ಹೆಚ್ಚು ಕೆಂಡ.

ಒಂದು ದಿನ ಇಸ್ತ್ರಿಯಿಂದ ಕಿಡಿ ಹಾರಿ ಆಕೆಯ ಸೀರೆಗೆ ತೂತು ಬಿತ್ತು. ಇವರು ಇಸ್ತ್ರಿ ಬದಿಗಿಟ್ಟು ತೂತಿನ ಸುತ್ತ ಬೆರಳಾಡಿಸಿದರು.

"ಹೊಸದೇ ತಂದುಕೊಡೋಣ" ಎಂದರು.

"ಯಾಕ್ರಿ? ಸುಟ್ಟರ ಇಸ್ತ್ರಿ ರೊಕ್ಕ ಬಿಡೋದು, ತೂತಿಗೆ ರಫೂ ಹೊಲಿಗಿ ಮಾಡಿಸಿ ಕೊಡೋದು. ಪೂರಾ ಕೆಟ್ಟರ ಅರ್ಧ ಕಿಮ್ಮತ್ತು. ಮೊನ್ನೆ ಕಾರಕೂನರ ಕೋಟು ಸುಟ್ಟಾಗ ನೀವ ಹಂಗ ಅಂದ್ರಿ. ಈಕಿಗ್ಯಾಕ ಬ್ಯಾರೆ ಕಾಯ್ದೆ?"

ಅವರು ಸೀರೆ ಮಡಿಸತೊಡಗಿದರು. ಸೀರೆ ಕಸಿದುಕೊಂಡು ನಾನೇ ಜಿನೆ ಹತ್ತಿದೆ. ಜಗಳಕ್ಕೆ ಸೆರಗು ಬಿಗಿದುಕೊಂಡೇ ಹೋಗಿದ್ದೆ.

ಬಾಗಿಲು ತೆರೆದಾಕೆ ನನಗಿಂತ ಹಿರಿಯಳು. ರಾತ್ರಿಪಾಳಿ ಮುಗಿಸಿ ಬಂದಿದ್ದಳು, ಕಣ್ಣುಗಳು ಊದಿದ್ದವು. ನನ್ನ ಹರಕು ಮರಾಠಿಯಲ್ಲಿ ನಡೆದದ್ದು ಹೇಳಿದೆ. ಆಕೆ ತೂತನ್ನು ಬೆಳಕಿಗೆ ಹಿಡಿದು ನೋಡಿ, "ಉಟ್ಟರೆ ಒಳಸುತ್ತಿನಲ್ಲಿ ಮುಚ್ಚಿಹೋಗುತ್ತದೆ ಬಿಡು. ರಫೂ ಮಾಡಿಸಿಕೊಡು, ಸಾಕು" ಎಂದಳು. ಕೂಡಿಸಿ ಚಹಾ ಕೊಟ್ಟಳು. ಊರು, ತವರು ಎಲ್ಲ ಕೇಳಿದಳು. ಪುಣೆಗೆ ಬಂದಮೇಲೆ ನನ್ನನ್ನು ಹಾಗೆ ಕೇಳಿದವರಿರಲಿಲ್ಲ.

ಕೆಳಗೆ ಬಂದಾಗ ಇವರು ಜಿನೆಯ ಬಾಯಲ್ಲೇ ನಿಂತಿದ್ದರು. "ಏನಂದ್ಲು? ಸಿಟ್ಟಾದ್ಲೇನು?"

"ರಫೂ ಸಾಕಂತ. ಚಹಾ ಕೊಟ್ಲು."

"ಚಹಾ?" ಅವರ ಮುಖ ಸಣ್ಣದಾಯಿತು. "ಇಷ್ಟು ವರ್ಷ ಗಂಟು ಹೊತ್ತೇನಿ, ನನಗೊಮ್ಮೆನೂ ಒಳಗ ಬಾ ಅಂದಿಲ್ಲ."

ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಊಟದ ತನಕ ಇಸ್ತ್ರಿ ಮುಟ್ಟಲಿಲ್ಲ. ನನಗೆ ಪಾಪ ಅನ್ನಿಸಲಿಲ್ಲ, ಹಬ್ಬ ಅನ್ನಿಸಿತು. ಆದರೂ ಮಲಗಿದಾಗ ಒಂದು ಮುಳ್ಳು ಉಳಿದೇ ಇತ್ತು: ಆ ಸಣ್ಣ ಮುಖವೂ ಆಕೆಗಾಗಿಯೇ ಅಲ್ಲವೇ?

ಮರುದಿನದಿಂದ ಮೇಲಿನ ಮಾಳಿಗೆಯ ಗಂಟು ನಾನೇ ತರತೊಡಗಿದೆ. ಅವರು ಆ ಬಿಳಿ ಸೀರೆಗಳನ್ನು ಎಂದಿನಂತೆ ಎಲ್ಲರಿಗಿಂತ ಮೊದಲೇ ಇಸ್ತ್ರಿಗೆ ಎತ್ತಿಕೊಂಡರು.